ಮುಟ್ಟಿಗೆ ಮುಂಚೆ ತುಂಬಾ ಕಷ್ಟವಾಗುತ್ತಾ? ಎರಡು ತಿಂಗಳು ಬರೆದಿಡಿ

ಮುಟ್ಟಿಗೆ ಮುಂಚೆ ಸಿಡುಕು, ಅಳು ಬಹಳ ಜನರಿಗೆ ಬರುತ್ತದೆ. ದಿನ ಹೇಗೋ ನಡೆಯುತ್ತದೆ. ಆದರೆ ಪಿಎಂಡಿಡಿ ಎಂಬ, ಮುಟ್ಟಿಗೆ ಮುಂಚೆ ಬರುವ ತೀವ್ರ ಮಾನಸಿಕ ತೊಂದರೆಯಲ್ಲಿ ಸಿಟ್ಟು, ಹತಾಶೆ, ಆತಂಕ, ನಿದ್ದೆಗೇಡು ಹೀಗೆ ಐದಾದರೂ ಲಕ್ಷಣ ಸೇರಿ ಕೆಲಸವನ್ನೋ ಸಂಬಂಧವನ್ನೋ ಕೆಡಿಸುತ್ತವೆ.

ನೆನಪಿನಿಂದ ಹೇಳಿದರೆ ಸಾಲದು. ಕನಿಷ್ಠ ಎರಡು ಋತುಚಕ್ರ, ಪ್ರತಿ ರಾತ್ರಿ ಒಂದೊಂದು ಲಕ್ಷಣಕ್ಕೂ 1ರಿಂದ 6ರವರೆಗೆ ಅಂಕ ಕೊಡಿ. ಚೆನ್ನಾಗಿದ್ದ ದಿನವನ್ನೂ ಬಿಡಬೇಡಿ, ಅದೇ ಮುಖ್ಯ. ಉದಾಹರಣೆಗೆ, ಮುಟ್ಟಿನ ಹಿಂದಿನ ವಾರ ಸಿಟ್ಟಿಗೆ 5, ಮುಟ್ಟಾಗಿ ಮೂರನೇ ದಿನ 2, ಮುಂದಿನ ವಾರ 1. ಎರಡೂ ಸಲ ಹೀಗಿದ್ದರೆ ಪಿಎಂಡಿಡಿ ಅನುಮಾನ ಗಟ್ಟಿಯಾಗುತ್ತದೆ. ಮುಟ್ಟು ಮುಗಿದ ವಾರವೂ 4 ಇದ್ದರೆ, ಮೊದಲೇ ಇದ್ದ ಖಿನ್ನತೆ ಮುಟ್ಟಿಗೆ ಮುಂಚೆ ಜಾಸ್ತಿಯಾಗುತ್ತಿರಬಹುದು.

ಆದರೆ ಸಾಯಬೇಕು ಅನ್ನಿಸಿದರೆ ಪಟ್ಟಿ ಮುಗಿಯಲೆಂದು ಕಾಯಬೇಡಿ, ಅವತ್ತೇ ವೈದ್ಯರನ್ನು ನೋಡಿ.