ಅಜ್ಜಾರ ಮುಂದೆ ನಿಲ್ಲುವ ರೀತಿ

ಅಣ್ಣನ ಹೊಸ ಮನೆಯ ಪ್ರವೇಶಕ್ಕೆ ನಮ್ಮ ಮಠದ ಅಜ್ಜಾರನ್ನು ಕರೆಯಲು ಹೋಗುವಾಗ ಬೆಂಗಳೂರಿನ ಅತ್ತಿಗೆಯನ್ನೂ ಕರೆದುಕೊಂಡು ಹೋಗಿದ್ದೆ. ಕೊಪ್ಪಳದ ಕಡೆ ಲಿಂಗಾಯತ ಮಠದ ಸ್ವಾಮಿಗಳನ್ನು ಅಜ್ಜಾರು, ಅಪ್ಪಾರು ಎಂದೇ ಕರೆಯುತ್ತೇವೆ. ಹೆಸರು ಹಿಡಿದು ಕರೆಯುವುದಿಲ್ಲ.

ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ಮೊದಲು ಹಿಂದಿನ ಸ್ವಾಮಿಗಳ ಗದ್ದುಗೆಗೆ ಕೈ ಮುಗಿದೆವು. ಹಣೆಗೆ ವಿಭೂತಿ ಹಚ್ಚಿಕೊಂಡೆವು. ಅಜ್ಜಾರು ಒಳಗೆ ಲಿಂಗಪೂಜೆಯಲ್ಲಿದ್ದರು. ಆ ಹೊತ್ತಿಗೆ ಮಾತಾಡಿಸುವುದಿಲ್ಲ, ಬಾಗಿಲಲ್ಲಿ ಇಣುಕುವುದೂ ಇಲ್ಲ. ಪಡಸಾಲೆಯಲ್ಲಿ ಸುಮ್ನೆ ಕೂತೆವು.

ಅವರು ಬಂದು ಕೂತ ಮೇಲೆ ನಾನು ಹೆಗಲ ಮೇಲಿನ ವಲ್ಲಿ ತೆಗೆದು ಸೊಂಟಕ್ಕೆ ಸುತ್ತಿಕೊಂಡೆ. ವಲ್ಲಿ ಹೆಗಲ ಮೇಲಿದ್ದರೆ ದೊಡ್ಡವರ ಮುಂದೆ ಸೊಕ್ಕು ತೋರಿಸಿದ ಹಾಗೆ ಅಂತ ನಮ್ಮ ಹಿರಿಯರ ಲೆಕ್ಕ. "ಶರಣ್ರಿ ಅಜ್ಜಾರ" ಅಂದು ಉದ್ದಕ್ಕೆ ಅಡ್ಡಬಿದ್ದೆ. ಅತ್ತಿಗೆ ಸೆರಗು ತಲೆಗೆ ಹೊದ್ದು, ಮೊಣಕಾಲೂರಿ ಹಣೆ ನೆಲಕ್ಕೆ ಮುಟ್ಟಿಸಿದರು. ನಮ್ಮಲ್ಲಿ ಹೆಣ್ಣುಮಕ್ಕಳು ಉದ್ದಕ್ಕೆ ಬೀಳುವುದಿಲ್ಲ. ಪಾದ ಮುಟ್ಟಬೇಕೋ ಬೇಡವೋ ಎಂಬ ಗೊಂದಲ ಅವರಿಗಿತ್ತು. ಅಜ್ಜಾರು ಪಾದ ಮುಂದೆ ಚಾಚಿ ಕೂತಿದ್ದರೆ ಮುಟ್ಟಬಹುದು, ಮಡಚಿಕೊಂಡಿದ್ದರೆ ಎದುರಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರೆ ಸಾಕು ಅಂದಿದ್ದೆ. ಅವತ್ತು ಮಡಚಿಕೊಂಡೇ ಕೂತಿದ್ದರು.

ಹಣ್ಣು, ಕಾಯಿ, ಎಲೆ ಅಡಿಕೆ, ದಕ್ಷಿಣೆಯನ್ನು ಕೈಗೆ ಕೊಡಲಿಲ್ಲ. ಎಲ್ಲವನ್ನೂ ತಟ್ಟೆಯಲ್ಲಿಟ್ಟು ಮುಂದೆ ಇಟ್ಟೆವು. ನಂತರ ಸ್ವಲ್ಪ ಒಂದು ಬದಿಗೆ ಸರಿದು ಕೈ ಕಟ್ಟಿ ನಿಂತೆವು. ನೇರ ಎದುರಿಗೆ ನಿಂತರೆ ಹಿಂದೆ ಕಾಯುತ್ತಿರುವ ಜನಕ್ಕೆ ದರ್ಶನ ಆಗುವುದಿಲ್ಲ ನೋಡಿ. "ಕೂಡ್ರಿ" ಅಂದ ಮೇಲೆ ನೆಲದ ಮೇಲೆ, ಕಾಲು ಅವರ ಕಡೆ ಚಾಚದ ಹಾಗೆ ಕೂತೆವು.

ಕರೆಯುವ ಮಾತನ್ನು ಅತ್ತಿಗೆಗೆ ದಾರಿಯಲ್ಲೇ ಹೇಳಿಕೊಟ್ಟಿದ್ದೆ. "ಮನೆಗೆ ಬನ್ನಿ, ಊಟ ಮಾಡಿ" ಅಂದರೆ ತಪ್ಪೇನಿಲ್ಲ, ಆದರೆ ಮಠದಲ್ಲಿ ಅದು ಸಪ್ಪೆ. "ಅಜ್ಜಾರ, ತಾವು ದಯಮಾಡಿಸಿ ಪ್ರಸಾದ ಮಾಡಬೇಕ್ರಿ" ಅಂದರು ಅತ್ತಿಗೆ. ಅಜ್ಜಾರು ನಕ್ಕು, ದಿನ ಯಾವುದೆಂದು ಕೇಳಿದರು. ಹೊರಡುವಾಗ ಎಡಗೈ ಮೇಲೆ ಬಲಗೈ ಇಟ್ಟು ಪ್ರಸಾದ ಪಡೆದು, ಎರಡು ಮೂರು ಹೆಜ್ಜೆ ಹಿಂದಕ್ಕೆ ಸರಿದು ಆಮೇಲೆ ತಿರುಗಿದೆವು.

ಇದನ್ನೇ ಎಲ್ಲ ಕಡೆ ಮಾಡಲು ಹೋಗಬೇಡಿ. ಕೊಪ್ಪಳದ ಗವಿಮಠದ ಜಾತ್ರೆಯ ಗದ್ದಲದಲ್ಲಿ ಅಡ್ಡಬಿದ್ದರೆ ತುಳಿತಕ್ಕೆ ಸಿಗುತ್ತೀರಿ. ನಿಂತಲ್ಲೇ ಕೈ ಎತ್ತಿ ಮುಗಿದರೆ ಆಯ್ತು. ವೈಷ್ಣವ ಗುಡಿಯ ಅರ್ಚಕರು ಪೂಜೆಗೆ ಮಡಿಯಲ್ಲಿದ್ದರೆ ಮುಟ್ಟಲೇಬಾರದು, ಮುಟ್ಟಿದರೆ ಅವರು ಮತ್ತೆ ಸ್ನಾನ ಮಾಡಬೇಕಾಗುತ್ತದೆ. ಅಲ್ಲಿ ದೂರದಿಂದಲೇ "ನಮಸ್ಕಾರ ಆಚಾರ್ರೆ" ಅಂದು, ಕಾಣಿಕೆಯನ್ನು ತಟ್ಟೆಗೆ ಹಾಕುತ್ತೇನೆ.