ಟಿ-ಸ್ಕೋರ್ ಮೈನಸ್ 2.2 ಅಂದರೆ ಎಂಟು ಪಟ್ಟು ಅಪಾಯವಾ?

ಮೂಳೆ ಸಾಂದ್ರತೆಯ ವರದಿ ಹಿಡಿದು ಬರುವವರಲ್ಲಿ ಎರಡು ಬಗೆ. ಟಿ-ಸ್ಕೋರ್ ನೋಡಿ ಹೆದರಿ ಬಂದವರು ಒಂದು ಬಗೆ, ಝಡ್-ಸ್ಕೋರ್ ನೋಡಿ ನಿರಾಳವಾಗಿ ಬಂದವರು ಇನ್ನೊಂದು. ಒಂದೇ ವರದಿ ಓದಿ ತಾಯಿ ನಿರಾಳವಾಗಿ, ಮಗಳು ಹೆದರಿ ಬಂದಿದ್ದ ಪ್ರಕರಣವೊಂದಿದೆ. ನಾನು ಈ ವರದಿಗಳನ್ನು ಓದುವ ಕ್ರಮ ತೋರಿಸೋಕೆ ಅದು ಚೆನ್ನಾಗಿ ಒದಗುತ್ತದೆ.

ತಾಯಿಗೆ 67 ವರ್ಷ. ವರದಿಯಲ್ಲಿ ಸೊಂಟದ ಬೆನ್ನುಮೂಳೆಯ ಒಟ್ಟು ಟಿ-ಸ್ಕೋರ್ -1.6. ತೊಡೆಮೂಳೆಯ ಕುತ್ತಿಗೆ ಭಾಗ, ಅಂದರೆ ಫೀಮರ್ ನೆಕ್, -2.2. ಪೂರ್ತಿ ಹಿಪ್ -1.6. ಫೀಮರ್ ನೆಕ್‌ನ ಝಡ್-ಸ್ಕೋರ್ -0.6. ಕೆಳಗೆ ಒಂದು ಸಾಲು: ಆಸ್ಟಿಯೋಪೀನಿಯಾ, ಅಂದರೆ ಸಾಂದ್ರತೆ ಕಮ್ಮಿ, ಆದರೆ ಆಸ್ಟಿಯೋಪೊರೋಸಿಸ್ ಅನ್ನುವಷ್ಟಲ್ಲ.

"ಡಾಕ್ಟ್ರೇ, ಒಂದೊಂದು ಅಂಕ ಕಮ್ಮಿ ಆದ್ರೆ ಹಿಪ್ ಮುರಿಯೋ ಅಪಾಯ ಎರಡೂವರೆ ಪಟ್ಟು ಏರುತ್ತೆ ಅಂತ ಓದಿದೆ. ಹಾಗಿದ್ರೆ ಅಮ್ಮನಿಗೆ ಎಂಟು ಪಟ್ಟಲ್ವಾ?" ಅಂತ ಮಗಳು ಕೇಳಿದಳು. "ನನ್ನ ವಯಸ್ಸಿನವರ ಜೊತೆ ಹೋಲಿಸಿದ್ರೆ ಏನೂ ತೊಂದರೆ ಇಲ್ಲ ಅಂತ ಅದ್ರಲ್ಲೇ ಇದೆಯಲ್ಲ" ಅಂದರು ತಾಯಿ.

ಮಗಳ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. ಹಿಪ್‌ನ ಸಾಂದ್ರತೆ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸ್ಕೋರ್‌ನ ಒಂದು ಅಂಕದಷ್ಟು, ಇಳಿದರೆ ಹಿಪ್ ಮುರಿತದ ಅಪಾಯ ಸುಮಾರು 2.6 ಪಟ್ಟಾಗುತ್ತದೆ ಅನ್ನುವುದು ನಿಜ. 2.6ನ್ನು 2.2ರ ಘಾತಕ್ಕೆ ಏರಿಸಿದರೆ ಎಂಟರ ಹತ್ತಿರ ಬರುತ್ತದೆ. ಲೆಕ್ಕ ಸರಿ. ಆದರೆ ಯಾರಿಗಿಂತ ಎಂಟು ಪಟ್ಟು?

ಟಿ-ಸ್ಕೋರ್ ಹೇಗೆ ಬರುತ್ತದೆ ಅಂತ ನೋಡಿದರೆ ಇದು ಬಿಡಿಸಿಕೊಳ್ಳುತ್ತದೆ. ಯಂತ್ರ ಅಳೆಯುವುದು ಒಂದು ಚದರ ಸೆಂಟಿಮೀಟರ್ ನೆರಳಿನಲ್ಲಿ ಎಷ್ಟು ಗ್ರಾಂ ಖನಿಜ ಇದೆ ಅನ್ನುವುದನ್ನು. ಈ ತಾಯಿಯ ಫೀಮರ್ ನೆಕ್‌ನಲ್ಲಿ ಅದು 0.594. ಈ ಯಂತ್ರ ಬಳಸುವ ಹೋಲಿಕೆಯ ಗುಂಪು 20ರಿಂದ 29 ವರ್ಷದ ಹೆಂಗಸರದು. ಅವರ ಸರಾಸರಿ 0.858, ಸ್ಟ್ಯಾಂಡರ್ಡ್ ಡೀವಿಯೇಷನ್ 0.120. 0.594ರಿಂದ 0.858 ಕಳೆದು, ಬಂದದ್ದನ್ನು 0.120ರಿಂದ ಭಾಗಿಸಿದರೆ -2.2. ಅಷ್ಟೇ. ಟಿ-ಸ್ಕೋರ್ ಹೇಳುವುದು ಈ ಮೂಳೆ ಇಪ್ಪತ್ತರ ಹರೆಯದ ಸರಾಸರಿ ಮೂಳೆಗಿಂತ ಎಷ್ಟು ದೂರ ಇದೆ ಅಂತ.

ಹಾಗಾಗಿ ಮಗಳು ಹೇಳಿದ ಎಂಟು ಪಟ್ಟು ಅನ್ನುವುದು, 67 ವರ್ಷವಾದರೂ 25ರ ಮೂಳೆ ಇಟ್ಟುಕೊಂಡಿರುವ ಒಬ್ಬ ಹೆಂಗಸಿಗೆ ಹೋಲಿಸಿದಾಗ. ಅಂಥವರು ಅಪರೂಪ. 67 ವರ್ಷದ ಸಾಮಾನ್ಯ ಹೆಂಗಸಿನ ಜೊತೆ ಹೋಲಿಸಬೇಕಾದರೆ ಆ ಪಟ್ಟನ್ನು ಝಡ್-ಸ್ಕೋರ್ ಮೇಲೆ ಹಾಕಬೇಕು. ಝಡ್-ಸ್ಕೋರ್‌ನಲ್ಲಿ ಹೋಲಿಕೆ ಅದೇ ವಯಸ್ಸಿನ, ಅದೇ ಲಿಂಗದವರ ಜೊತೆ. 2.6ನ್ನು 0.6ರ ಘಾತಕ್ಕೆ ಏರಿಸಿದರೆ ಸುಮಾರು 1.8. ಓರಗೆಯವರಿಗಿಂತ ಹೆಚ್ಚುಕಡಿಮೆ ಮುಕ್ಕಾಲು ಪಟ್ಟು ಜಾಸ್ತಿ. ಎಂಟು ಪಟ್ಟಲ್ಲ, ಹಾಗಂತ ಏನೂ ಇಲ್ಲ ಅಂತಲೂ ಅಲ್ಲ.

ಇಷ್ಟು ಹೇಳಿದ ಕೂಡಲೇ ತಾಯಿಯ ಮುಖ ಅರಳಿತು. ಅಲ್ಲೇ ಅವರನ್ನು ತಡೆಯಬೇಕಾಯಿತು. ಓರಗೆಯವರ ಸರಾಸರಿ ಅನ್ನುವುದು ಆರೋಗ್ಯದ ಅಳತೆಗೋಲಲ್ಲ. ಆ ವಯಸ್ಸಿಗೆ ಎಲ್ಲರ ಮೂಳೆಯೂ ಸವೆದಿರುತ್ತದೆ. ತರಗತಿಗೆ ತರಗತಿಯೇ ಫೇಲಾದಾಗ ಸರಾಸರಿ ಅಂಕ ಬಂತು ಅಂತ ಖುಷಿಪಟ್ಟ ಹಾಗೆ ಅದು. ಮುಟ್ಟು ನಿಂತ ಹೆಂಗಸರಲ್ಲಿ ಮತ್ತು 50 ದಾಟಿದ ಗಂಡಸರಲ್ಲಿ ರೋಗ ಇದೆಯೇ ಅಂತ ತೀರ್ಮಾನಿಸಲು ಟಿ-ಸ್ಕೋರನ್ನೇ ನೋಡುವುದು ಈ ಕಾರಣಕ್ಕೆ: -1 ಅಥವಾ ಮೇಲಿದ್ದರೆ ಸರಿ, -1ಕ್ಕೂ -2.5ಕ್ಕೂ ನಡುವೆ ಇದ್ದರೆ ಆಸ್ಟಿಯೋಪೀನಿಯಾ, -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಈ ಗೆರೆಗಳನ್ನು ಎಳೆಯಿತು.

ವಯಸ್ಸಾದವರಲ್ಲಿ ಝಡ್-ಸ್ಕೋರನ್ನು ನಾನು ಬೇರೆಯೇ ಒಂದು ಪ್ರಶ್ನೆಗೆ ಇಟ್ಟುಕೊಳ್ಳುತ್ತೇನೆ. ಅದು -2ರ ಆಚೆ ಹೋದರೆ ವಯಸ್ಸೊಂದೇ ಕಾರಣ ಇರಲಾರದು ಅಂತ ಅನುಮಾನ ಬರುತ್ತದೆ. ಆಗ ಸ್ಟಿರಾಯ್ಡ್ ಮಾತ್ರೆ, ಥೈರಾಯ್ಡ್, ಪ್ಯಾರಾಥೈರಾಯ್ಡ್, ಕರುಳು ಪೋಷಕಾಂಶ ಹೀರದಿರುವುದು, ರಕ್ತದ ಕೆಲವು ಕಾಯಿಲೆ, ಇವನ್ನೆಲ್ಲ ಹುಡುಕುತ್ತೇನೆ. ಹಾಗಂತ ಝಡ್ ಸರಿಯಿದ್ದರೆ ಇವ್ಯಾವುವೂ ಇಲ್ಲ ಅಂತ ಖಾತ್ರಿ ಇಲ್ಲ. ಚಿಕ್ಕ ವಯಸ್ಸಿನವರ ವಿಷಯ ಬೇರೆ. ಅವರಲ್ಲಿ ಝಡ್-ಸ್ಕೋರೇ ಮುಖ್ಯ. -2 ಅಥವಾ ಕೆಳಗಿದ್ದರೆ "ವಯಸ್ಸಿಗೆ ಇರಬೇಕಾದ್ದಕ್ಕಿಂತ ಕಡಿಮೆ" ಅಂತ ಬರೆಯುತ್ತೇವೆ, ಬರೀ ಅಂಕ ನೋಡಿ ಆಸ್ಟಿಯೋಪೊರೋಸಿಸ್ ಅನ್ನುವುದಿಲ್ಲ.

ಇನ್ನು ಆ ಬೆನ್ನುಮೂಳೆಯ -1.6. ಒಟ್ಟು ಅಂಕವನ್ನು ನಾನು ಕೊನೆಗೆ ಓದುತ್ತೇನೆ. ಮೊದಲು ಚಿತ್ರ, ಆಮೇಲೆ ಒಂದೊಂದೇ ಮೂಳೆಯ ಅಂಕ. ಇವರದ್ದು ಮೇಲಿನಿಂದ ಕೆಳಕ್ಕೆ ಎಲ್1 -2.6, ಎಲ್2 -2.4, ಎಲ್3 -0.6, ಎಲ್4 -0.9. ಮೇಲಿನ ಎರಡು ಒಂದು ಕಡೆ, ಕೆಳಗಿನ ಎರಡು ಇನ್ನೊಂದು ಕಡೆ. ಪಕ್ಕಪಕ್ಕದ ಮೂಳೆಗಳ ಟಿ-ಸ್ಕೋರ್‌ನಲ್ಲಿ ಒಂದಕ್ಕಿಂತ ಜಾಸ್ತಿ ಅಂತರ ಕಂಡರೆ ನಂಬುವ ಮುಂಚೆ ಕಾರಣ ಹುಡುಕಬೇಕು.

ಚಿತ್ರದಲ್ಲಿ ಎಲ್3, ಎಲ್4ರ ಅಂಚುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಸವೆತದಿಂದ ಅಂಚಿನಲ್ಲಿ ಹೊಸ ಮೂಳೆ ಮುಳ್ಳಿನ ಹಾಗೆ ಬೆಳೆದಿತ್ತು. ಯಂತ್ರಕ್ಕೆ ಅದೂ ಖನಿಜವೇ. ಅದು ಮೂಳೆಗೆ ಬಲ ಕೊಡುತ್ತದೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ, ಸೇರಿಸಿ ಲೆಕ್ಕ ಹಾಕಿಬಿಡುತ್ತದೆ. ಅಂಕ ಏರಲು ಇನ್ನೊಂದು ಕಾರಣವೂ ಇದೆ, ಅದು ಹೆಚ್ಚು ಅಪಾಯದ್ದು. ಮೂಳೆ ಕುಸಿದಿದ್ದರೆ ಅದೇ ಖನಿಜ ಕಡಿಮೆ ಜಾಗದಲ್ಲಿ ಒತ್ತಿಕೊಂಡಿರುತ್ತದೆ. ಹಾಗಾಗಿ ಮುರಿದ ಮೂಳೆಯೇ ಗಟ್ಟಿಯಾಗಿ ಕಾಣುತ್ತದೆ. ಎರಡನ್ನೂ ಬೇರೆ ಮಾಡಲು ನಾನು ವಿಸ್ತೀರ್ಣದ ಕಾಲಂ ನೋಡುತ್ತೇನೆ. ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಬಂದ ಹಾಗೆ ವಿಸ್ತೀರ್ಣ ಹೆಚ್ಚಬೇಕು. ಟಿ-ಸ್ಕೋರ್ ಚೆನ್ನಾಗಿದ್ದು, ವಿಸ್ತೀರ್ಣ ಮಾತ್ರ ಮೇಲಿನ ಮೂಳೆಗಿಂತ ಚಿಕ್ಕದಿದ್ದರೆ ಕುಸಿತದ ಅನುಮಾನ. ಇವರದ್ದು ಸರಿಯಾಗಿ ಹೆಚ್ಚುತ್ತಾ ಹೋಗಿತ್ತು, ಅಂದರೆ ಸವೆತವೇ.

ಎಲ್3, ಎಲ್4 ಬಿಟ್ಟು ಮತ್ತೆ ಲೆಕ್ಕ ಹಾಕಿಸಿದೆ. ಕನಿಷ್ಠ ಎರಡು ಮೂಳೆ ಉಳಿಯಬೇಕು, ಒಂದೇ ಮೂಳೆಯ ಮೇಲೆ ತೀರ್ಮಾನ ಮಾಡುವಂತಿಲ್ಲ. ಉಳಿದ ಎರಡರ ಟಿ-ಸ್ಕೋರ್ -2.5. ಬೆನ್ನುಮೂಳೆ, ಫೀಮರ್ ನೆಕ್, ಪೂರ್ತಿ ಹಿಪ್, ಇವುಗಳಲ್ಲಿ ಅತಿ ಕಡಿಮೆ ಇರುವುದನ್ನು ಹಿಡಿಯಬೇಕು ಅನ್ನುವುದು ನಿಯಮ. ಹಾಗಾಗಿ ಆಸ್ಟಿಯೋಪೀನಿಯಾ ಅಂತಿದ್ದ ಸಾಲು ಆಸ್ಟಿಯೋಪೊರೋಸಿಸ್ ಆಯಿತು. ಹೊಸ ಸ್ಕ್ಯಾನ್ ಏನೂ ಬೇಕಾಗಲಿಲ್ಲ.

ಹಿಪ್ ಚಿತ್ರವನ್ನೂ ಒಮ್ಮೆ ನೋಡಿದೆ. ತೊಡೆಮೂಳೆಯ ಒಳಬದಿಯ ಸಣ್ಣ ಗುಬುಟು ದೊಡ್ಡದಾಗಿ ಕಂಡರೆ ಕಾಲನ್ನು ಒಳಕ್ಕೆ ಸರಿಯಾಗಿ ತಿರುಗಿಸಿಲ್ಲ ಅಂತ ಅರ್ಥ, ಆಗ ಫೀಮರ್ ನೆಕ್‌ನ ಅಂಕ ಸುಳ್ಳು ಹೇಳುತ್ತದೆ. ಇವರದ್ದರಲ್ಲಿ ಅದು ಕಂಡೂ ಕಾಣದಷ್ಟಿತ್ತು. ಸರಿ.

ಹಾಗಾದರೆ ನಿಜವಾದ ಅಪಾಯ ಎಷ್ಟು? ಇದಕ್ಕೆ ಉತ್ತರ ಟಿ-ಸ್ಕೋರ್‌ನಲ್ಲೂ ಇಲ್ಲ, ಝಡ್-ಸ್ಕೋರ್‌ನಲ್ಲೂ ಇಲ್ಲ. ಎಷ್ಟು ಪಟ್ಟು ಅನ್ನುವುದಕ್ಕಿಂತ ಯಾವುದರ ಎಷ್ಟು ಪಟ್ಟು ಅನ್ನುವುದು ಮುಖ್ಯ. ಇದೇ -2.2 ಇರುವ 52 ವರ್ಷದ ಹೆಂಗಸನ್ನು ತೆಗೆದುಕೊಳ್ಳಿ. ಆಕೆಯ ಝಡ್-ಸ್ಕೋರ್ ಸುಮಾರು -1.4 ಬರಬಹುದು. ಓರಗೆಯವರಿಗಿಂತ ಹಿಪ್ ಮುರಿತದ ಅಪಾಯ ಹತ್ತಿರ ಹತ್ತಿರ ನಾಲ್ಕು ಪಟ್ಟು. ನಮ್ಮ ತಾಯಿಯದ್ದು ಎರಡು ಪಟ್ಟೂ ಇಲ್ಲ. ಆದರೂ ಮುಂದಿನ ಹತ್ತು ವರ್ಷದಲ್ಲಿ ಹಿಪ್ ಮುರಿಯುವ ಸಾಧ್ಯತೆ ತಾಯಿಗೇ ಜಾಸ್ತಿ. 52ರಲ್ಲಿ ಹಿಪ್ ಮುರಿಯುವುದೇ ಅಪರೂಪ, ಅಪರೂಪದ ನಾಲ್ಕು ಪಟ್ಟೂ ಅಪರೂಪವೇ. ವಯಸ್ಸಾದ ಹಾಗೆ ಬೀಳುವುದು ಹೆಚ್ಚುತ್ತದೆ, ಬೀಳುವಾಗ ಕೈ ಊರುವ ಚುರುಕು ಹೋಗುತ್ತದೆ, ಮೂಳೆಯ ಒಳರಚನೆ ಹಾಳಾಗುತ್ತದೆ. ಇದ್ಯಾವುದೂ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಮೂಳೆ ಮುರಿದುಕೊಳ್ಳುವವರಲ್ಲಿ ಹೆಚ್ಚಿನವರ ಟಿ-ಸ್ಕೋರ್ -2.5ಕ್ಕಿಂತ ಮೇಲೇ ಇರುತ್ತದೆ. ಕೆಳಗಿರುವವರಿಗೆ ಅಪಾಯ ಜಾಸ್ತಿ, ಆದರೆ ಮೇಲಿರುವವರ ಸಂಖ್ಯೆ ಜಾಸ್ತಿ.

ಅದಕ್ಕೇ ನಾನು ಫ್ರಾಕ್ಸ್ ಅನ್ನುವ ಲೆಕ್ಕ ಹಾಕುತ್ತೇನೆ. ವಯಸ್ಸು, ಎತ್ತರ, ತೂಕ, ಹಿಂದೆ ಮೂಳೆ ಮುರಿದಿತ್ತಾ, ಅಪ್ಪ ಅಮ್ಮನಿಗೆ ಹಿಪ್ ಮುರಿದಿತ್ತಾ, ಸಿಗರೇಟು, ಕುಡಿತ, ಸ್ಟಿರಾಯ್ಡ್, ರುಮಟಾಯ್ಡ್ ಸಂಧಿವಾತ ಇವನ್ನು ಕೇಳಿ, ಫೀಮರ್ ನೆಕ್‌ನ ಅಂಕ ಸೇರಿಸಿಕೊಂಡು ಹತ್ತು ವರ್ಷದ ಸಾಧ್ಯತೆಯನ್ನು ಶೇಕಡಾವಾರು ಕೊಡುತ್ತದೆ. ದೇಶಕ್ಕೊಂದು ಲೆಕ್ಕ ಇದೆ, ನಮ್ಮ ದೇಶ ಆರಿಸಿಕೊಳ್ಳಬೇಕು. ಇದಕ್ಕೂ ಮಿತಿ ಇದೆ. ಬೆನ್ನುಮೂಳೆಯ ಅಂಕವನ್ನು ಇದು ಕೇಳುವುದಿಲ್ಲ. ಎಷ್ಟು ಸಲ ಬಿದ್ದಿರಿ ಅಂತಲೂ ಕೇಳುವುದಿಲ್ಲ.

ಹಿಂದೆ ಮೂಳೆ ಮುರಿದಿತ್ತಾ ಅಂತ ಕೇಳಿದಾಗ ತಾಯಿ ಇಲ್ಲ ಅಂದರು. ಪ್ರಶ್ನೆ ಬದಲಿಸಿ, ಐವತ್ತರ ನಂತರ ಯಾವಾಗಲಾದರೂ ಕೈಗೋ ಕಾಲಿಗೋ ಪ್ಲಾಸ್ಟರ್ ಹಾಕಿದ್ರಾ ಅಂತ ಕೇಳಿದೆ. "ಓ, ಅದಾ? ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡಿದ್ದೆ. ಅದು ಬಿದ್ದಿದ್ದಕ್ಕೆ ಆಗಿದ್ದು ಡಾಕ್ಟ್ರೇ, ಮೂಳೆ ಸವೆದು ಅಲ್ಲ." ಹೆಚ್ಚಿನವರು ಹೀಗೇ ಅಂದುಕೊಳ್ಳುತ್ತಾರೆ. ಆದರೆ ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಮೂಳೆ ಸಾಮಾನ್ಯವಾಗಿ ಮುರಿಯಬಾರದು. ಹಾಗೆ ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಸುಮಾರು ಎರಡು ಪಟ್ಟು. ಇದನ್ನು ಮೊದಲಿನ 1.8ರ ಜೊತೆ ನೇರ ಗುಣಿಸುವ ಹಾಗಿಲ್ಲ, ಎರಡರಲ್ಲೂ ಒಂದಿಷ್ಟು ಪಾಲು ಒಂದೇ. ಆ ಹೊಂದಾಣಿಕೆಯನ್ನು ಫ್ರಾಕ್ಸ್ ಮಾಡಿಕೊಳ್ಳುತ್ತದೆ.

ಎತ್ತರ ಅಳೆದೆ. ಹಳೆಯ ದಾಖಲೆಯಲ್ಲಿದ್ದುದಕ್ಕಿಂತ ನಾಲ್ಕು ಸೆಂಟಿಮೀಟರ್‌ಗಿಂತ ಜಾಸ್ತಿ ಕಮ್ಮಿ ಇತ್ತು. ಇಷ್ಟು ಕುಗ್ಗಿದ್ದರೆ ಬೆನ್ನಿನ ಪಕ್ಕದ ಎಕ್ಸ್‌ರೇ ತೆಗೆಸದೆ ಬಿಡುವುದಿಲ್ಲ, ಏಕೆಂದರೆ ಬೆನ್ನುಮೂಳೆಯ ಕುಸಿತ ಎಷ್ಟೋ ಸಲ ನೋವೇ ಇಲ್ಲದೆ ಆಗಿರುತ್ತದೆ ಮತ್ತು ಎಲ್1ಕ್ಕಿಂತ ಮೇಲಿನದ್ದು ಸಾಂದ್ರತೆಯ ಲೆಕ್ಕಕ್ಕೆ ಸಿಗುವುದೇ ಇಲ್ಲ. ಎಕ್ಸ್‌ರೇಯಲ್ಲಿ ಕುಸಿತ ಕಾಣಲಿಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿ, ಥೈರಾಯ್ಡ್ ಪರೀಕ್ಷೆ ಬರೆದು, ಫಲಿತಾಂಶ ಬಂದ ಮೇಲೆ ಔಷಧಿ ಶುರು ಮಾಡೋಣ ಅಂದೆ.

ಮಗಳು ಹೊರಡುವಾಗ ಮತ್ತೆ ಯಾವಾಗ ಸ್ಕ್ಯಾನ್ ಅಂತ ಕೇಳಿದಳು. ಒಂದೆರಡು ವರ್ಷ ಬಿಟ್ಟು, ಇದೇ ಯಂತ್ರದಲ್ಲೇ ಅಂದೆ. ಬೇರೆ ಯಂತ್ರದ ಅಂಕವನ್ನು ಇದರ ಪಕ್ಕ ಇಟ್ಟು ಹೋಲಿಸುವ ಹಾಗಿಲ್ಲ. ಆಗಲೂ ಟಿ-ಸ್ಕೋರ್ ಹೋಲಿಸಬೇಡಿ, ಗ್ರಾಂ ಲೆಕ್ಕದ ಸಾಂದ್ರತೆಯನ್ನೇ ಹೋಲಿಸಿ. ಪೂರ್ತಿ ಹಿಪ್ ಈಗ 0.746 ಇದೆ. ಮುಂದಿನ ಸಲ 0.735 ಬಂದರೆ ಅದು ಶೇಕಡಾ 1.5ರಷ್ಟು ವ್ಯತ್ಯಾಸ, ಮಲಗಿಸುವ ಭಂಗಿ ಚೂರು ಬದಲಾದರೂ ಅಷ್ಟು ಬರುತ್ತದೆ. ಪ್ರತಿ ಸ್ಕ್ಯಾನ್ ಕೇಂದ್ರವೂ ತನ್ನ ಯಂತ್ರದಲ್ಲಿ ಎಷ್ಟು ವ್ಯತ್ಯಾಸವಾದರೆ ನಿಜವಾದ ಬದಲಾವಣೆ ಅಂತ ಅಳೆದಿಟ್ಟುಕೊಂಡಿರಬೇಕು. ಆ ಅಂಕಿಯನ್ನು ವರದಿಯಲ್ಲಿ ಬರೆದಿಲ್ಲದಿದ್ದರೆ ಕೇಳಿ ಪಡೆಯಿರಿ ಅಂತ ಚೀಟಿಯ ಹಿಂದೆ ಬರೆದುಕೊಟ್ಟೆ.