ಬೀಪ್ ಬಂದ ಮೇಲೂ ಐದು ನಿಮಿಷ ಕಾಯಿರಿ

ಕನ್ವೆಕ್ಷನ್ ಮೈಕ್ರೋವೇವ್ ಕೊಂಡ ಎಷ್ಟೋ ಮನೆಗಳಲ್ಲಿ ಅದು ಹಾಲು, ಅನ್ನ ಬಿಸಿ ಮಾಡುವುದಕ್ಕಷ್ಟೇ ಸೀಮಿತ. ಒಮ್ಮೆ ಕುಕೀಸ್ ಮಾಡಲು ಹೋಗಿ, ಮೇಲೆ ಕಪ್ಪು ತಳ ಹಸಿ ಅಂತಾಗಿ ಕೈಬಿಟ್ಟವರೇ ಜಾಸ್ತಿ. ಹಿಟ್ಟು ಸರಿಯಾಗೇ ಇರುತ್ತದೆ, ಕೈ ಕೊಡುವುದು ಸೆಟ್ಟಿಂಗ್. ಎಂಟು ನಾನ್‌ಖಟಾಯಿಯ ಲೆಕ್ಕದಲ್ಲೇ ನೋಡೋಣ.

ಹಿಟ್ಟು: 45 ಗ್ರಾಂ ಗಟ್ಟಿ ತುಪ್ಪ, 40 ಗ್ರಾಂ ಸಕ್ಕರೆ ಪುಡಿ ಚೆನ್ನಾಗಿ ತಿಕ್ಕಿ. 60 ಗ್ರಾಂ ಮೈದಾ, 15 ಗ್ರಾಂ ಕಡಲೆ ಹಿಟ್ಟು, ಚಿಟಿಕೆ ಅಡುಗೆ ಸೋಡಾ, ಏಲಕ್ಕಿ ಸೇರಿಸಿ. ಎಂಟು ಉಂಡೆ ಕಟ್ಟಿ ಸ್ವಲ್ಪ ತಟ್ಟಿ, ಹದಿನೈದು ನಿಮಿಷ ಫ್ರಿಜ್‌ನಲ್ಲಿಡಿ. ತುಪ್ಪ ಮೆತ್ತಗಿದ್ದರೆ ಎಲ್ಲಾ ಹರಡಿಕೊಳ್ಳುತ್ತವೆ.

ಬಿಸಿ ಮಾಡುವುದು: ಎಡವುವುದೇ ಇಲ್ಲಿ. ಮೊದಲು, ಒತ್ತಬೇಕಾದ್ದು ಕನ್ವೆಕ್ಷನ್ ಬಟನ್, ಕಾಂಬಿ ಅಲ್ಲ. ಕಾಂಬಿಯಲ್ಲಿ ಬಿಸಿಗಾಳಿಯ ಜೊತೆಗೆ ಮೈಕ್ರೋವೇವ್ ಅಲೆಗಳೂ ಬರುತ್ತವೆ. ಕುಕೀಸ್ ಹಿಟ್ಟಿನಲ್ಲಿ ನೀರು ಕಮ್ಮಿ, ಸಕ್ಕರೆ ತುಪ್ಪ ಜಾಸ್ತಿ. ಹಾಗಾಗಿ ಹೊರಗೆ ಬಣ್ಣ ಬರುವ ಮೊದಲೇ ನಡುಭಾಗ ಒಳಗೊಳಗೇ ಸೀದುಹೋಗುತ್ತದೆ. ಮುರಿದು ನೋಡಿದರೆ ಮಧ್ಯದಲ್ಲಿ ಕಪ್ಪು ಚುಕ್ಕೆ ಕಾಣಿಸುತ್ತದೆ.

ಆಮೇಲೆ, ಕುಕೀಸ್ ಇಡುವ ಮೊದಲು, ಕುಳ್ಳಗಿನ ಜಾಲರಿ ಸ್ಟ್ಯಾಂಡ್ ಒಳಗಿಟ್ಟೇ 160 ಡಿಗ್ರಿಗೆ ಕಾಯಲು ಹಾಕಿ. ತಿರುಗುವ ಗಾಜಿನ ತಟ್ಟೆಯ ಮೇಲೇ ಟ್ರೇ ಇಟ್ಟರೆ ಕೆಳಗೆ ಗಾಳಿ ಆಡುವುದಿಲ್ಲ. ಗಾಜು ಬಿಸಿಯಾಗುವುದೂ ನಿಧಾನ. ತಳ ಹಸಿ ಉಳಿಯುವುದು ಅದಕ್ಕೇ.

ಬೀಪ್ ಬಂದ ತಕ್ಷಣ ಬಾಗಿಲು ತೆರೆಯಬೇಡಿ. ಬೀಪ್ ಹೇಳುವುದು ಗಾಳಿ ಬಿಸಿಯಾಗಿದೆ ಎಂದಷ್ಟೇ. ಗೋಡೆ, ಸ್ಟ್ಯಾಂಡ್ ಇನ್ನೂ ಕಾದಿರುವುದಿಲ್ಲ. ಈ ಹೊತ್ತಿಗೆ ಬಾಗಿಲು ತೆರೆದರೆ ಬಿಸಿಗಾಳಿಯೆಲ್ಲ ಹೊರಗೆ. ಅದನ್ನು ತುಂಬಿಸಲು ಯಂತ್ರ ಮತ್ತೆ ಜೋರಾಗಿ ಉರಿಯುತ್ತದೆ, ಆ ಶಾಖ ಮೇಲ್ಮೈಗೇ ಬಡಿಯುತ್ತದೆ. ಇನ್ನೂ ಐದು ನಿಮಿಷ ಬಿಟ್ಟರೆ ಗೋಡೆಯೂ ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಹಲವು ಮಾದರಿಗಳಲ್ಲಿ ಬೀಪ್ ಆದ ಮೇಲೆ ಡಿಗ್ರಿ, ಸಮಯ ಮತ್ತೆ ಹಾಕಬೇಕು. ಇದನ್ನು ಮರೆತು, ಸುಮ್ನೆ ತಿರುಗುತ್ತಿರುವ ತಟ್ಟೆ ನೋಡಿಕೊಂಡು ಕೂರುವವರಿದ್ದಾರೆ.

ಟ್ರೇ: ತೆಳು ಅಲ್ಯೂಮಿನಿಯಂ ಟ್ರೇ ಇರಲಿ. ಕನ್ವೆಕ್ಷನ್‌ನಲ್ಲಿ ಲೋಹ ಇಡಬಹುದು, ಮೈಕ್ರೋವೇವ್, ಕಾಂಬಿ ಮೋಡ್‌ನಲ್ಲಿ ಖಂಡಿತ ಬೇಡ. ಟ್ರೇ ಸುತ್ತ ಎರಡು ಬೆರಳು ಜಾಗ ಬಿಡಿ. ಇನ್ನು ಸಿಲಿಕೋನ್ ಮ್ಯಾಟ್ ಮಾರುವವರ ಮಾತು ಕೇಳಬೇಡಿ. ಸಣ್ಣ ಒಲೆಯಲ್ಲಿ ಅದು ತಳಕ್ಕೆ ಹೋಗುವ ಶಾಖವನ್ನೇ ತಡೆಯುತ್ತದೆ. ಬೇಕಿಂಗ್ ಪೇಪರ್ ಸಾಕು.

ಹದಿನೈದರಿಂದ ಹದಿನೆಂಟು ನಿಮಿಷ. ಹನ್ನೆರಡರವರೆಗೆ ಬಾಗಿಲು ಮುಟ್ಟಬೇಡಿ. ಆಮೇಲೆ ಚಮಚದಿಂದ ಒಂದನ್ನು ಎತ್ತಿ ತಳ ನೋಡಿ. ಅಂಚು ತಿಳಿ ಹೊಂಬಣ್ಣಕ್ಕೆ ಬಂದಿದ್ದರೆ ಆಯಿತು. ಮುಟ್ಟಿದರೆ ಮೆತ್ತಗೇ ಇರುತ್ತದೆ, ಗಟ್ಟಿಯಾಗಲಿ ಅಂತ ಇನ್ನೈದು ನಿಮಿಷ ಬಿಟ್ಟರೆ ಕೆಟ್ಟಿತು. ಆರುತ್ತಾ ತಾನೇ ಗಟ್ಟಿಯಾಗುತ್ತದೆ.

ಒಟಿಜಿ ಎಂಬ ರಾಡ್ ಓವನ್ ಇದ್ದರೆ ಮೇಲೆ ಕೆಳಗೆ ಎರಡೂ ರಾಡ್ ಹಾಕಿ, ನಡು ಅಂತಸ್ತಿನಲ್ಲಿ 170 ಡಿಗ್ರಿ. ಫ್ಯಾನ್ ಇದ್ದರೆ 160. ರಾಡ್ ಕೆಂಪಗಿರುವಾಗ ಟ್ರೇ ತಳ್ಳಬೇಡಿ, ಅದು ಆರಿದ ಕ್ಷಣ ನೋಡಿ ಇಡಿ. ಗುಂಡಿಯ ಮೇಲಿನ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಒಲೆಯೊಳಗೆ ಇಡುವ ಥರ್ಮಾಮೀಟರ್ ಒಂದಿದ್ದರೆ ನಿಜ ಗೊತ್ತಾಗುತ್ತದೆ.

ನಿನ್ನೆಯ ಪಿಜ್ಜಾ: ಮೈಕ್ರೋವೇವ್ ಮೋಡ್‌ನಲ್ಲಿ ಸಾಸ್‌ನ, ಬ್ರೆಡ್ಡಿನ ನೀರೆಲ್ಲ ಆವಿಯಾಗುತ್ತದೆ. ಸುತ್ತಲ ಗಾಳಿ, ತಟ್ಟೆ ತಣ್ಣಗಿರುವುದರಿಂದ ಆ ಆವಿ ತಳದಲ್ಲೇ ನೀರಾಗಿ ಕೂರುತ್ತದೆ. ಮೊದಲು ಮೆತ್ತಗೆ, ಎರಡು ನಿಮಿಷ ಕಳೆದರೆ ರಬ್ಬರಿನ ಹಾಗೆ. ಇದಕ್ಕೂ ಕನ್ವೆಕ್ಷನ್ನೇ ಮದ್ದು. ಈ ಸಲ ಖಾಲಿ ಟ್ರೇಯನ್ನೂ ಸ್ಟ್ಯಾಂಡ್ ಮೇಲಿಟ್ಟು 180 ಡಿಗ್ರಿಗೆ ಕಾಯಿಸಿ. ಫ್ರಿಜ್‌ನಿಂದ ತೆಗೆದ ತುಂಡನ್ನು ಆ ಬಿಸಿ ಟ್ರೇ ಮೇಲೇ ಇಡಿ. ಚುರ್ ಅನ್ನಬೇಕು, ಅನ್ನದಿದ್ದರೆ ಟ್ರೇ ಕಾದಿಲ್ಲ. ಐದಾರು ನಿಮಿಷ, ಚೀಸ್ ಅಂಚಿನಲ್ಲಿ ಗುಳ್ಳೆ ಬಂದಾಗ ತೆಗೆಯಿರಿ. ಪಿಜ್ಜಾ ಬಂದ ರಟ್ಟಿನ ಡಬ್ಬಿಯನ್ನೇ ಒಳಗೆ ತಳ್ಳುವವರಿದ್ದಾರೆ. ಬಿಸಿಗಾಳಿಗೆ ರಟ್ಟು ಹೊತ್ತಿಕೊಳ್ಳಬಹುದು, ದಯವಿಟ್ಟು ಬೇಡ.

ಒಂದೇ ತುಂಡಿದ್ದರೆ ಇಷ್ಟೆಲ್ಲ ಕರೆಂಟು ಯಾಕೆ? ದೋಸೆ ಕಾವಲಿ ಸಣ್ಣ ಉರಿಯಲ್ಲಿಟ್ಟು ಮೂರು ನಿಮಿಷ ತಳ ಗರಿಗರಿ ಮಾಡಿ. ಕೊನೆಯ ಒಂದು ನಿಮಿಷ ಮುಚ್ಚಳ ಮುಚ್ಚಿದರೆ ಚೀಸ್ ಕರಗುತ್ತದೆ. ತೆಗೆದ ಮೇಲೆ ಸ್ಟೀಲ್ ತಟ್ಟೆಗೆ ಹಾಕಬೇಡಿ, ಅಡಿಯಲ್ಲಿ ಬೆವರಿ ಮತ್ತೆ ಒದ್ದೆಯಾಗುತ್ತದೆ. ಜಾಲರಿ ಮೇಲೆ ಒಂದು ನಿಮಿಷ ಇಟ್ಟು ತಿನ್ನಿ.